ಉಪ್ಪಿನಕಾಯಿ ಲೆಕ್ಕದ ಕೊನೆಯ ಕಂಬ

ನಾನು ಬರೆದ ಒಂದು ಚಿತ್ರದಿಂದ ಏಳು ಜನ ಹೆಂಗಸರ ಕೂಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಡಿತವಾಗುವುದರಲ್ಲಿತ್ತು. ಚಿತ್ರದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಆ ಕಾರಣಕ್ಕೇ ಅದನ್ನು ತಿದ್ದುವುದು ಅಷ್ಟು ಕಷ್ಟವಾಯಿತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಶಿರಸಿಯ ಹೆಂಗಸರು ಕೆಲವರು ಸೇರಿ ಕಟ್ಟಿದ ಉಪ್ಪಿನಕಾಯಿ ಘಟಕದಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಇಸಳೂರಿನಲ್ಲಿ ಬಾಡಿಗೆಗೆ ಹಿಡಿದ ಒಂದು ಶೆಡ್ಡು. ಅಲ್ಲಿ ಅಪ್ಪೆಮಿಡಿ ತೊಳೆದು, ಉಪ್ಪಿಗೆ ಹಾಕಿ, ಮಸಾಲೆ ಕಲಸಿ, ಬಾಟಲಿ ತುಂಬುವವರು ಏಳು ಜನ. ಮೇಲೆ ಐದು ಜನರ ಕಮಿಟಿ. ಅದರ ಅಧ್ಯಕ್ಷೆ ನನಗೆ ದೂರದ ಸಂಬಂಧದಲ್ಲಿ ಅತ್ತೆ. ಘಟಕ ಶುರುಮಾಡಿದವಳೂ ಅವಳೇ, ನನಗೆ ಕೆಲಸ ಕೊಟ್ಟವಳೂ ಅವಳೇ. ಹಾಗಾಗಿ ಅವಳೆದುರು ಮಾತಾಡುವಾಗ ನನ್ನ ದನಿ ಯಾವಾಗಲೂ ಒಂದು ಮೆಟ್ಟಿಲು ಕೆಳಗಿರುತ್ತಿತ್ತು.

ಆ ವರ್ಷ ಮಾರಾಟ ಏರಿತ್ತು, ಕೈಗೆ ಮಾತ್ರ ಏನೂ ಬಂದಿರಲಿಲ್ಲ. ಕಮಿಟಿಯವರಿಗೆ ಇದು ಬಿಡಿಸಲಾಗದ ಒಗಟು. ಪ್ರತಿ ವರ್ಷ ನಾನು ಲಾಭ-ನಷ್ಟದ ಪಟ್ಟಿ ಓದುತ್ತಿದ್ದಂತೆ ಒಬ್ಬರು ಆಕಳಿಸುತ್ತಿದ್ದರು, ಇನ್ನೊಬ್ಬರು ಎಲೆಯಡಿಕೆಯ ಕವಳದ ಚೀಲ ಬಿಚ್ಚುತ್ತಿದ್ದರು. ಎರಡು ವರ್ಷ ಇದನ್ನು ಸಹಿಸಿದೆ. ಮೂರನೆಯ ವರ್ಷ ನನಗೆ ಸಿಟ್ಟು ಬಂತು. ಈ ಸಲ ಇವರಿಗೆ ಅರ್ಥವಾಗಲೇಬೇಕು ಎಂದು ಹಟ ಹಿಡಿದು, ಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಕೂತೆ.

ಅಲ್ಲಿ ಕಲಿಸುವ ಮೇಷ್ಟ್ರು ಒಂದು ಚಿತ್ರ ತೋರಿಸಿದರು. ವಾಟರ್‌ಫಾಲ್ ಚಾರ್ಟ್ ಎಂದು ಅದರ ಹೆಸರು. ಮಾಗೋಡು, ಉಂಚಳ್ಳಿ ನೋಡಿ ಬೆಳೆದವಳಿಗೆ ಅದು ಜಲಪಾತದ ಹಾಗೆ ಕಾಣಲಿಲ್ಲ, ಬಾವಿಗೆ ಇಳಿಯುವ ಮೆಟ್ಟಿಲಿನ ಹಾಗೆ ಕಂಡಿತು. ಎಡಗಡೆ ಮಾರಾಟದ ಎತ್ತರದ ಕಂಬ. ಅದರ ತಲೆಯ ಮಟ್ಟದಿಂದ ಮೊದಲ ಖರ್ಚಿನ ಕಂಬ ಕೆಳಗೆ ಇಳಿಯುತ್ತದೆ. ಅದು ನಿಂತಲ್ಲಿಂದ ಎರಡನೆಯದು. ಹೀಗೆ ಇಳಿದು ಇಳಿದು, ಕೊನೆಗೆ ಉಳಿದದ್ದು ನೆಲದ ಮೇಲೆ ನಿಂತರೆ ಲಾಭ, ನೆಲದಿಂದ ಕೆಳಗೆ ಹೋದರೆ ನಷ್ಟ.

ಆಗಿನ ಎಕ್ಸೆಲ್‌ನಲ್ಲಿ ಇದಕ್ಕೆ ಸಿದ್ಧ ಬಟನ್ ಇರಲಿಲ್ಲ, ಉಪಾಯದಿಂದ ಮಾಡಬೇಕಿತ್ತು. ಒಂದರ ಮೇಲೊಂದು ಕೂರುವ ಕಂಬಗಳ ಚಿತ್ರ ತೆಗೆದುಕೊಂಡು, ಪ್ರತಿ ಖರ್ಚಿನ ಕೆಳಗೂ ಒಂದು ಆಧಾರದ ಕಂಬ ನಿಲ್ಲಿಸಿ, ಆ ಆಧಾರಕ್ಕೆ ಬಣ್ಣವೇ ಇಲ್ಲದಂತೆ ಮಾಡುವುದು. ಆಧಾರ ಇರುತ್ತದೆ, ಕಾಣುವುದಿಲ್ಲ. ಖರ್ಚು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ.

ದೊಡ್ಡ ಮೊತ್ತಗಳು ಯಾರ ತಲೆಗೂ ಹತ್ತುವುದಿಲ್ಲವೆಂದು ಎಲ್ಲವನ್ನೂ ನೂರು ರೂಪಾಯಿ ಮಾರಾಟಕ್ಕೆ ಇಳಿಸಿಕೊಂಡೆ. ಮಿಡಿ, ಉಪ್ಪು, ಖಾರ, ಎಣ್ಣೆಗೆ ನಲವತ್ನಾಲ್ಕು, ಉಳಿಯಿತು ಐವತ್ತಾರು. ಬಾಟಲಿ, ಮುಚ್ಚಳ, ಲೇಬಲ್ಲಿಗೆ ಹದಿನೇಳು, ಉಳಿಯಿತು ಮೂವತ್ತೊಂಬತ್ತು. ಲಾರಿ ಬಾಡಿಗೆ ಮತ್ತು ದಾರಿಯಲ್ಲಿ ಒಡೆದದ್ದು ಒಂಬತ್ತು, ಮೂವತ್ತು. ಮಾರುವವರ ಕಮಿಷನ್ ಹದಿನೆಂಟು, ಹನ್ನೆರಡು. ಶೆಡ್ಡಿನ ಬಾಡಿಗೆ, ಕರೆಂಟು ಮೂರು, ಒಂಬತ್ತು. ಕೊನೆಗೆ ಕೂಲಿ ಹದಿನಾಲ್ಕು. ಒಂಬತ್ತರಲ್ಲಿ ಹದಿನಾಲ್ಕು ಹೋಗದು. ಐದು ರೂಪಾಯಿ ನಷ್ಟ.

ಚಿತ್ರ ಕೈಕೊಟ್ಟಿದ್ದು ಅಲ್ಲಿ. ಕೂಲಿಯ ಕಂಬ ಒಂಬತ್ತರಿಂದ ಹೊರಟು ಸೊನ್ನೆಯ ಗೆರೆ ದಾಟಿ ಕೆಳಗಿಳಿಯಬೇಕು. ಕಂಪ್ಯೂಟರು ಅದನ್ನು ಸೊನ್ನೆಯಿಂದ ಮೇಲಕ್ಕೆ ಹದಿನಾಲ್ಕರವರೆಗೆ ನಿಲ್ಲಿಸಿಬಿಟ್ಟಿತು. ಕಾಣದ ಆಧಾರ ನೆಲದ ಕೆಳಗೆ ಹೋದರೂ ಕಂಬ ಅದರ ಮೇಲೆ ಕೂರುವುದಿಲ್ಲವಂತೆ. ಸೊನ್ನೆಗಿಂತ ಹೆಚ್ಚಿನದು ಗೆರೆಯ ಮೇಲೇ, ಕಡಿಮೆಯದು ಕೆಳಗೇ. ಅರ್ಧ ದಿನ ಕೂತು ಉಪಾಯ ಕಂಡುಕೊಂಡೆ. ಕೂಲಿಯನ್ನು ಎರಡು ತುಂಡು ಮಾಡಿದೆ: ಗೆರೆಯ ಮೇಲೆ ಒಂಬತ್ತು, ಕೆಳಗೆ ಐದು. ಕೆಳಗಿನ ತುಂಡಿಗೆ ಬೇರೆ ಬಣ್ಣ ಬೇಕಿತ್ತು, ಕೆಂಪು ಕೊಟ್ಟೆ. ಪಕ್ಕದ ನಷ್ಟದ ಕಂಬಕ್ಕೂ ಕೆಂಪು. ಎಷ್ಟು ಚೆಂದ ಕಂಡಿತೆಂದರೆ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕಮಿಟಿಯಲ್ಲಿ ಯಾರೂ ಆಕಳಿಸಲಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಹಾಳೆಯನ್ನು ತುಂಬ ಹೊತ್ತು ನೋಡಿದಳು.

"ಕೂಸೆ, ಇಷ್ಟು ವರ್ಷ ನೀ ಲೆಕ್ಕ ಓದ್ದಾಗ ಯಂಗೆ ಎಂತದೂ ತಿಳಿತಿತ್ತಿಲ್ಲೆ. ಇವತ್ತು ತಿಳ್ತು," ಎಂದಳು. ನನಗೆ ಹಿಗ್ಗೋ ಹಿಗ್ಗು. ಆಮೇಲೆ ಅವಳು ಬೆರಳಿಟ್ಟು ತೋರಿಸಿದಳು. "ಖರ್ಚಲ್ಲಿ ಕೆಂಪು ಇಪ್ಪುದು ಕೂಲಿಯಲ್ಲಿ ಒಂದೇ. ಐದು ರೂಪಾಯಿ. ನಷ್ಟವೂ ಐದು. ಕೂಲಿ ಒಂಬತ್ತಕ್ಕೆ ಇಳ್ಸವು. ಅಲ್ಲಿಗೆ ಸರಿ ಆತು."

ಉಳಿದ ನಾಲ್ವರೂ ತಲೆಯಾಡಿಸಿದರು. ಬಾಯಿ ತೆರೆಯಬೇಕಿದ್ದ ನಾನು ತೆರೆಯಲಿಲ್ಲ. ಮೊದಲ ಸಲ ನನ್ನ ಲೆಕ್ಕ ಅರ್ಥವಾದ ಖುಷಿಯಲ್ಲಿ, ಏನು ಅರ್ಥವಾಯಿತು ಎಂಬುದು ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಮುಂದಿನ ವಾರದ ಸಭೆಯಲ್ಲಿ ಕೂಲಿ ಇಳಿಸುವ ಠರಾವು ಬರೆಯುವುದೆಂದು ನಿಶ್ಚಯವಾಯಿತು. ಅತ್ತೆ ಆ ಹಾಳೆಯನ್ನು ಶೆಡ್ಡಿನ ಗೋಡೆಗೆ ಅಂಟಿಸಿಯೂ ಬಿಟ್ಟಳು. ಸುದ್ದಿ ಆಗಲೇ ಕೇಳಿದ್ದ ಏಳೂ ಜನ ಅದರ ಕೆಳಗೇ ಕೂತು ಬಾಟಲಿ ತುಂಬುತ್ತಿದ್ದರು.

ಅವರಲ್ಲಿ ಹಿರಿಯಳು ಹುಲಗೋಳದಿಂದ ಬಸ್ಸಿನಲ್ಲಿ ಬರುವವಳು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮಾರನೆಯ ದಿನ ನಾನು ಸ್ಟಾಕು ಎಣಿಸಲು ಹೋದಾಗ ಅವಳು ಕೈ ಒರೆಸಿಕೊಂಡು ಗೋಡೆಯ ಹತ್ತಿರ ಬಂದಳು.

"ಇದ್ರಲ್ಲಿ ನಮ್ದು ಯಾವ್ದ್ರಾ ಅಮ್ಮ?"

ತೋರಿಸಿದೆ.

"ಕೊನೇದಾ. ಹೌದು ಬಿಡಿ, ನಮ್ದು ಯಾವತ್ತೂ ಕೊನೇದೇ," ಎಂದು ಹೋಗಿ ಕೂತಳು. ಅವಳ ದನಿಯಲ್ಲಿ ದೂರು ಇರಲಿಲ್ಲ.

ಆ ಮಾತು ನನ್ನನ್ನು ಬಿಡಲಿಲ್ಲ. ಕೂಲಿಯನ್ನು ನಾನು ಕೊನೆಗೆ ಯಾಕೆ ಇಟ್ಟೆ? ಪುಸ್ತಕದಲ್ಲಿ ಕೊನೆಗಿತ್ತು ಎಂದು. ಪುಸ್ತಕದಲ್ಲಿ ಯಾಕೆ ಕೊನೆಗಿತ್ತು? ಮಿಡಿ ತಂದವರಿಗೆ, ಬಾಟಲಿಯವನಿಗೆ, ಲಾರಿಯವನಿಗೆ ಕೊಟ್ಟು ಮುಗಿದ ಮೇಲೆ ಶನಿವಾರ ಸಂಜೆ ಕೂಲಿ ಬಟವಾಡೆ ಮಾಡುವುದು ನಮ್ಮ ಘಟಕದ ರೂಢಿ. ಕೊಟ್ಟ ಸಾಲಿನಲ್ಲೇ ಬರೆದೆ, ಬರೆದ ಸಾಲಿನಲ್ಲೇ ಕಂಬ ನಿಲ್ಲಿಸಿದೆ. ಗೆರೆ ದಾಟುವಾಗ ಅಲ್ಲಿ ಯಾರಿದ್ದರೋ ಅವರ ಮೇಲೆ ಕೆಂಪು ಬಿತ್ತು.

ಮತ್ತೆ ಕಂಪ್ಯೂಟರ್ ಸೆಂಟರಿಗೆ ಓಡಿದೆ. ಕೂಲಿಯನ್ನು ಮೊದಲು ಇಟ್ಟು ನೋಡಿದೆ. ನೂರರಿಂದ ಎಂಬತ್ತಾರು, ಆಮೇಲೆ ಉಳಿದದ್ದೆಲ್ಲ ಮೊದಲಿನ ಹಾಗೆ. ಈಗ ಗೆರೆ ದಾಟಿದ್ದು ಕಮಿಷನ್: ಹದಿನಾರು ಮೇಲೆ, ಎರಡು ಕೆಳಗೆ. ಶೆಡ್ಡಿನ ಬಾಡಿಗೆ ಪೂರ್ತಿ ಕೆಂಪು, ನೆಲದ ಕೆಳಗೇ ತೇಲುತ್ತಿತ್ತು. ಕೊನೆಯ ನಷ್ಟ ಮಾತ್ರ ಅದೇ ಐದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಬರೆ ಕಾಯಿಸಿ ಕೊಟ್ಟವಳು ನಾನು ಎಂದು ಅಲ್ಲಿ ಕೂತೇ ನನಗೆ ನಾಚಿಕೆಯಾಯಿತು.

ಈ ಹೊಸ ಚಿತ್ರ ಹಿಡಿದು ಹೋಗಬಹುದಿತ್ತು. ಆದರೆ ಅದೂ ಅದೇ ಮೋಸ, ಆಪಾದನೆ ಬೇರೆಯವರ ತಲೆಗೆ ಹೋಗುತ್ತಿತ್ತು ಅಷ್ಟೆ. ಸಾಲು ಬದಲಿಸಿದರೂ ಬದಲಾಗದ್ದು ಯಾವುದು ಎಂದು ಯೋಚಿಸಿದೆ. ಕಂಬದ ಉದ್ದ. ಅದನ್ನು ಎಲ್ಲಿಟ್ಟರೂ ಅದು ಅಷ್ಟೇ. ಹಿಂದಿನ ವರ್ಷ ನೂರಕ್ಕೆ ಏಳು ರೂಪಾಯಿ ಲಾಭವಿತ್ತು, ಈ ವರ್ಷ ಐದು ನಷ್ಟ. ಹನ್ನೆರಡು ರೂಪಾಯಿ ಎಲ್ಲಿ ಹೋಯಿತೆಂದು ತಿಳಿಯಬೇಕಾದರೆ ಎರಡು ವರ್ಷದ ಮೆಟ್ಟಿಲುಗಳನ್ನು ಒಂದೇ ಸಾಲಿನಲ್ಲಿ, ಒಂದೇ ಅಳತೆಯಲ್ಲಿ ಅಕ್ಕಪಕ್ಕ ಇಡಬೇಕು.

ಉತ್ತರ ಹೊರಬಂದಾಗ ನಂಬದೆ ಮತ್ತೊಮ್ಮೆ ಕೂಡಿ ನೋಡಿದೆ. ಸಾಮಾನು ಒಂದು ರೂಪಾಯಿ ಏರಿತ್ತು, ಬಾಟಲಿ ಎರಡು, ಲಾರಿ ಮೂರು, ಕಮಿಷನ್ ಆರು. ಲಾರಿ ಮತ್ತು ಕಮಿಷನ್ ಏರಿದ್ದು ಒಂದೇ ಕಾರಣಕ್ಕೆ: ಆ ವರ್ಷ ನಮ್ಮ ಬಾಟಲಿ ಮಾರಲು ಹಿಡಿದ ಹುಬ್ಬಳ್ಳಿಯ ಏಜೆಂಟ್. ಅವನನ್ನು ಹುಡುಕಿ ತಂದವಳು ಅತ್ತೆ. ದೊಡ್ಡ ಪೇಟೆಯ ಅಂಗಡಿಯಲ್ಲಿ ನಮ್ಮ ಬಾಟಲಿ ಕಂಡ ದಿನ ಅವಳು ಎಲ್ಲರಿಗೂ ಸಿಹಿ ಹಂಚಿದ್ದಳು.

ಅವಳ ಮುಖ ನೆನೆಸಿಕೊಂಡೆ. ಹುಲಗೋಳದ ಅಕ್ಕನ ಮುಖವನ್ನೂ ನೆನೆಸಿಕೊಂಡೆ. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿದೆ.

ಈ ಸಲ ಪ್ರಿಂಟು ನಂಬಲಿಲ್ಲ. ಎರಡು ದೊಡ್ಡ ಡ್ರಾಯಿಂಗ್ ಹಾಳೆ ತಂದು, ರೂಪಾಯಿಗೆ ಅರ್ಧ ಸೆಂಟಿಮೀಟರಿನಂತೆ ಕೈಯಲ್ಲೇ ಬರೆದೆ. ಖರ್ಚಿನ ಕಂಬಗಳಿಗೆಲ್ಲ ಒಂದೇ ನೀಲಿ, ಕೆಂಪು ಎಲ್ಲೂ ಇಲ್ಲ. ಒಂದು ಕಂಬ ಮುಗಿದಲ್ಲಿಂದ ಮುಂದಿನದು ಶುರುವಾಗುವಲ್ಲಿಗೆ ಸಣ್ಣ ಅಡ್ಡಗೆರೆ ಎಳೆದೆ, ಗಾಳಿಯಲ್ಲಿ ಯಾಕೆ ನಿಂತಿದೆ ಎಂದು ಯಾರೂ ಕೇಳಬಾರದೆಂದು. ಸಭೆಯನ್ನು ಶೆಡ್ಡಿನಲ್ಲೇ ಮಾಡೋಣ ಎಂದು ಅತ್ತೆಯನ್ನು ಒಪ್ಪಿಸಿದೆ. ಕೆಲಸದವರು ಅಲ್ಲೇ ಆಚೆ ಕೂತು ಬಾಟಲಿಗೆ ಬಟ್ಟೆ ಕಟ್ಟುತ್ತಿದ್ದರು.

"ಹೋದ ವಾರದ ಚಿತ್ರದಲ್ಲಿ ತಪ್ಪು ಇದ್ದು, ಅತ್ತೆ," ಎಂದೆ.

"ಲೆಕ್ಕ ತಪ್ಪಿದ್ದಾ?"

"ಲೆಕ್ಕ ಸರಿ ಇದ್ದು. ಕೂಲಿ ಕೊನೆಗೆ ಇಟ್ಟಿದ್ದಕ್ಕೆ ಕೂಲಿ ಮೇಲೆ ಕೆಂಪು ಬಿತ್ತು. ಯಾವುದನ್ನು ಕೊನೆಗೆ ಇಟ್ಟರೂ ಅದೇ ಮುಳುಗ್ತು."

"ಹಂಗಾರೆ ಮುಳುಗ್ಸಿದ್ದು ಯಾವುದು?"

ನಾನು ಹೇಳಿದರೆ ವಾದವಾಗುತ್ತದೆ ಎಂದು ಗೊತ್ತಿತ್ತು. "ನೀನೇ ಅಳತೆ ಮಾಡು," ಎಂದೆ. ಅಳೆಯಲು ಪಟ್ಟಿ ತರುವುದನ್ನೇ ಮರೆತಿದ್ದೆ, ನನ್ನ ಜಾಣತನ ಅಷ್ಟು. ಆಗ ಹುಲಗೋಳದ ಅಕ್ಕ ಎದ್ದು ಬಂದು, ಬಾಟಲಿಯ ಬಾಯಿಗೆ ಕಟ್ಟುವ ದಾರವನ್ನು ಒಂದು ಮಾರು ಹರಿದು ಅತ್ತೆಯ ಕೈಗೆ ಕೊಟ್ಟಳು. ಮತ್ತೆ ಬಟ್ಟೆ ಕಟ್ಟಲು ಹೋಗಿ ಕೂತಳು.

ಅತ್ತೆ ಹಿಂದಿನ ವರ್ಷದ ಕೂಲಿಯ ಕಂಬಕ್ಕೆ ದಾರ ಹಿಡಿದು, ಉಗುರಿನಿಂದ ಗುರುತು ಮಾಡಿ, ಈ ವರ್ಷದ್ದಕ್ಕೆ ಹಿಡಿದಳು. ಒಂದು ನೂಲಿನಷ್ಟೂ ಹೆಚ್ಚಿರಲಿಲ್ಲ. ಬಾಡಿಗೆಯೂ ಹಾಗೇ. ಬಾಟಲಿ ಸ್ವಲ್ಪ ಹೆಚ್ಚು, ಲಾರಿ ಇನ್ನೂ ಸ್ವಲ್ಪ. ಕಮಿಷನ್ನಿಗೆ ಹಿಡಿದಾಗ ಹಿಂದಿನ ವರ್ಷದ ಅಳತೆ ಮೂರರಲ್ಲಿ ಎರಡು ಪಾಲಿಗೇ ಮುಗಿದುಹೋಯಿತು. ಅವಳು ದಾರ ಕೆಳಗಿಳಿಸಿ ಮತ್ತೊಮ್ಮೆ ಹಿಡಿದಳು. ಆಮೇಲೆ ಅದನ್ನು ಬೆರಳಿಗೆ ಸುತ್ತಿಕೊಂಡಳು.

"ಇದು ಆನು ತಂದದ್ದೇ ಅಲ್ದ," ಎಂದಳು ಕೊನೆಗೆ.

ಅವಳು ಠರಾವಿನ ಪುಸ್ತಕ ತರಿಸಿ, ಕೂಲಿಯ ವಿಷಯ ಕೈಬಿಟ್ಟಿದೆ ಎಂದು ತನ್ನ ಕೈಯಾರೆ ಬರೆದಳು. ನನ್ನ ಮೇಲೆ ಸಿಟ್ಟಾದಳೇ? ಆದಳು. ಎರಡು ತಿಂಗಳು ಕೆಲಸಕ್ಕೆ ಬೇಕಾದಷ್ಟೇ ಮಾತು. ಕೆಲಸದಿಂದ ತೆಗೆಯಲಿಲ್ಲ. ಅದು ಅವಳ ದೊಡ್ಡತನ.

ಏಜೆಂಟ್ ಕಮಿಷನ್ ಇಳಿಸಲು ಒಪ್ಪಲಿಲ್ಲ, ಬಿಟ್ಟೆವು. ಮತ್ತೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಂಗಡಿಗಳೇ ಗತಿ. ಮಾರಾಟ ಇಳಿಯಿತು, ಕೆಲಸದ ದಿನಗಳೂ ಸ್ವಲ್ಪ ಕಡಿಮೆಯಾದವು, ಅದನ್ನು ಮುಚ್ಚಿಡುವುದಿಲ್ಲ. ಆದರೆ ದಿನದ ಕೂಲಿ ಇಳಿಯಲಿಲ್ಲ. ಮುಂದಿನ ವರ್ಷದ ಚಿತ್ರದಲ್ಲಿ ಕೊನೆಯ ಕಂಬ ನೆಲದ ಮೇಲೆ ನಿಂತಿತು, ನಾಲ್ಕು ರೂಪಾಯಿ ಎತ್ತರಕ್ಕೆ. ಅದರಲ್ಲಿ ಕೂಲಿಯ ಕಂಬವನ್ನು ಮಾರಾಟದ ಪಕ್ಕದಲ್ಲೇ, ಎಲ್ಲಕ್ಕಿಂತ ಮೊದಲು ನಿಲ್ಲಿಸಿದ್ದೆ. ಬಟವಾಡೆಯನ್ನೂ ಶನಿವಾರ ಬೆಳಿಗ್ಗೆಗೆ, ಉಳಿದವರಿಗೆ ಕೊಡುವ ಮೊದಲಿಗೆ ತಂದೆವು. ಅತ್ತೆಯೇ ಹೇಳಿ ಮಾಡಿಸಿದ್ದು.

ದಾರ ಹಿಡಿದು ಅಳೆದ ಆ ಸಭೆ ಮುಗಿದ ದಿನ ಹಳೆಯ ಹಾಳೆಯನ್ನು ಗೋಡೆಯಿಂದ ಕೀಳಲು ಹೋದೆ. ಅಕ್ಕ ನೆಲ ಗುಡಿಸುತ್ತಿದ್ದಳು. ಹೇಳದಿದ್ದರೆ ಊಟ ಸೇರುವುದಿಲ್ಲ ಅನಿಸಿ, ಆ ಕೆಂಪು ಬಣ್ಣ ಕೊಟ್ಟವಳು ನಾನೇ, ತಪ್ಪು ನನ್ನದೇ ಎಂದು ಹೇಳಿಬಿಟ್ಟೆ.

"ಗೊತ್ತಿತ್ತ್ರಾ ಅಮ್ಮ," ಎಂದಳು, ಪೊರಕೆ ನಿಲ್ಲಿಸದೆ. "ಚಿತ್ರ ಬರಿಯೋರು ಇಲ್ಲಿ ನೀವೊಬ್ರೇ ಅಲ್ದಾ. ನೀವಾಗೇ ಸರಿ ಮಾಡ್ತ್ರೋ ಇಲ್ವೋ ಅಂತ ವಾರ ಪೂರ್ತಿ ನೋಡ್ತಾ ಇದ್ವಿ."