ಮೇನಕಾಳ ಲಾಗಿನ್ನಿಗೆ ಬಿದ್ದ ಬೀಗ

ಮೇನಕಾ ಒಂದು ಸರಕಾಗಿದ್ದು ನಾನು ಕೊಳ್ಳುವವನಾಗಿದ್ದರೆ, ಮೊದಲ ನೋಟಕ್ಕೆ ಬೆಲೆ ಕಡಿಮೆ ಮಾಡಿಯೇ ಕೇಳುತ್ತಿದ್ದೆ. ಎತ್ತರವಿಲ್ಲ, ಮಾತಿನಲ್ಲಿ ಸಿಹಿಯಿಲ್ಲ, ಕೊಳ್ಳುವವರನ್ನು ಕಂಡರೆ ಎದ್ದು ನಿಲ್ಲುವ ಅಭ್ಯಾಸವೂ ಇಲ್ಲ. ಆದರೆ ಒಗೆದಷ್ಟೂ ಬಣ್ಣ ಬಿಡದ ಸೀರೆ ಒಂದಿರುತ್ತದಲ್ಲ, ಅಂಗಡಿಯವನು ಅದನ್ನು ಕೆಳಗಿನ ಕಪಾಟಿನಲ್ಲಿಟ್ಟು ಮನೆಗೆ ಒಯ್ಯುತ್ತಾನೆ. ಅಂಥ ಸರಕು. ಇದು ನನಗೆ ತಡವಾಗಿ ತಿಳಿಯಿತು. ಅಷ್ಟರಲ್ಲಿ ಧರ್ಮಪುರಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ನನ್ನ ಅಂಗಡಿಗೆ ನೇರ ಎದುರಿಗೆ, ಆಕೆ ಬೋರ್ಡು ಹಾಕಿಯಾಗಿತ್ತು.

ನಾನು ಮಾರುವುದೂ ಎಡಪ್ಪಾಡಿಯ ಮಗ್ಗದ ಸೀರೆ, ಲುಂಗಿ, ಟವೆಲ್ಲು. ಆಕೆ ಮಾರುವುದೂ ಅದನ್ನೇ. ನನ್ನದು ಅಪ್ಪನ ಕಾಲದ ಅಂಗಡಿ. ಗಾಜಿನ ಕಪಾಟು, ಫ್ಯಾನು, ಬಂದವರಿಗೆ ಕೂಡಲು ಹೊಸ ಕುರ್ಚಿ ಎಲ್ಲ ಇವೆ. ಆಕೆಯ ಅಂಗಡಿಯಲ್ಲಿ ಒಂದು ಚಾಪೆ. ಹೆಂಗಸರು ನನ್ನ ಕುರ್ಚಿಯಲ್ಲಿ ಕೂತು ದಣಿವಾರಿಸಿಕೊಂಡು, ಹೋಗಿ ಆ ಚಾಪೆಯ ಮೇಲೆ ಸೀರೆ ಕೊಳ್ಳುತ್ತಾರೆ. ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿಗೆ, ಊರಿಗೆಲ್ಲ ತಳ್ಳುಬಡಿ, ರಿಯಾಯಿತಿ ಮಾರಾಟ. ನಾನು ಬ್ಯಾನರು ಕಟ್ಟಿದೆ, ಮೈಕು ಹಾಕಿದೆ. ಆಕೆ ಒಂದು ರೂಪಾಯಿ ಇಳಿಸಲಿಲ್ಲ. "ನನ್ನ ರೇಟು ವರ್ಷವೆಲ್ಲ ಆಡಿ ರೇಟೇ, ಅಕ್ಕಾ" ಎಂದು ಬಂದ ಹೆಂಗಸರಿಗೆ ಅಂದಳು. ನನ್ನ ಮೈಕು ಕೇಳಿ ಓಣಿಗೆ ಬಂದ ಜನ ಅವಳ ಮೆಟ್ಟಿಲು ಹತ್ತಿದರು.

ನನಗೆ ಹೊಟ್ಟೆಕಿಚ್ಚು ಇದೆ ಎಂಬುದು ಓಣಿಗೆಲ್ಲ ಗೊತ್ತು. ಮುಚ್ಚಿಡಲು ನಾನೂ ಹೋಗಿಲ್ಲ. ಮಾತು ಬಿಡುವಷ್ಟು ಮೂರ್ಖತನವನ್ನೂ ಮಾಡಿಲ್ಲ. ನನ್ನ ಪ್ರಿಂಟರು ಕೆಟ್ಟಾಗ ಅವಳದರಲ್ಲೇ ಬಿಲ್ಲು ತೆಗೆಯುತ್ತೇನೆ. ಅವಳಲ್ಲಿ ಚಿಲ್ಲರೆ ಮುಗಿದರೆ ನನ್ನ ಗಲ್ಲಾಪೆಟ್ಟಿಗೆಗೇ ಬರುತ್ತಾಳೆ. ಇಬ್ಬರ ಮನೆಯಲ್ಲೂ ಆಡುವುದು ಕನ್ನಡ, ಅಂಗಡಿಯಲ್ಲಿ ತಮಿಳು. ಜಗಳಕ್ಕೆ ಮಾತ್ರ ಕನ್ನಡವನ್ನೇ ಇಟ್ಟುಕೊಂಡಿದ್ದೇವೆ, ಗಿರಾಕಿಗೆ ತಿಳಿಯಬಾರದಲ್ಲ.

ಆಡಿಯ ಕೊನೆಗೆ ಒಂದು ದಿನ ಮೇನಕಾ ಸರಕು ಆರಿಸಲು ಎಡಪ್ಪಾಡಿಗೆ ಹೋದಳು. ಗಂಡ ಮಣಿ ಲೋಡ್ ಆಟೋ ಓಡಿಸುವವನು. ಬೆಳಗಿನ ಜಾವವೇ ಕೊಯಮತ್ತೂರಿಗೆ ಲೋಡು ಹಾಕಿಕೊಂಡು ಹೊರಟಿರುತ್ತಾನೆ ಎಂದು ಆಕೆಯ ಲೆಕ್ಕ. ಅಂಗಡಿ ನೋಡಿಕೊಳ್ಳಲು, ಅವಳ ಜಗುಲಿಯಲ್ಲೇ ಮೆಷಿನು ಇಟ್ಟುಕೊಂಡು ಸೀರೆಗೆ ಫಾಲ್ಸ್ ಹೊಲಿಯುವ ಕಣ್ಣಮ್ಮ ಇದ್ದಳು. ಮಧ್ಯಾಹ್ನ ಕಣ್ಣಮ್ಮ ಶಟರು ಅರ್ಧ ಇಳಿಸಿ ಊಟಕ್ಕೆ ಹೋದಳು. ನಾನೂ ಊಟಕ್ಕೆ ಹೋದೆ. ಬಂದವನು, ನನ್ನ ಪ್ರಿಂಟರು ಮತ್ತೆ ಕೆಟ್ಟಿದ್ದರಿಂದ, ಸೇಲಂಗೆ ಹೋಗಬೇಕಿದ್ದ ಮೂಟೆಗೆ ಬಿಲ್ಲು ತೆಗೆಯಬೇಕೆಂದು ಶಟರಿನ ಕೆಳಗೆ ಬಗ್ಗಿ ಒಳಗೆ ಹೋಗಿ ಅವಳ ಕಂಪ್ಯೂಟರ್ ಮುಂದೆ ಕೂತೆ. ಊಟ ಮುಗಿಸಿ ಬಂದ ಕಣ್ಣಮ್ಮ ನನ್ನನ್ನು ನೋಡಿದಳು. ಏನೂ ಅನ್ನಲಿಲ್ಲ. ಅದೇ ಕೆಡುಕಾಯಿತು.

ಅದೇ ಮಧ್ಯಾಹ್ನ ಮೇನಕಾಳ ಫೋನಿಗೆ ಬ್ಯಾಂಕಿನಿಂದ ಮೆಸೇಜು ಬಂದಿತ್ತು: ಹಲವು ಸಲ ತಪ್ಪು ಪಾಸ್‌ವರ್ಡ್ ಹಾಕಿದ್ದರಿಂದ ನಿಮ್ಮ ನೆಟ್ ಬ್ಯಾಂಕಿಂಗ್ ಲಾಕ್ ಆಗಿದೆ, ಇದು ನೀವಲ್ಲದಿದ್ದರೆ ಕೂಡಲೇ ತಿಳಿಸಿ. ಆಕೆ ಆಗ ಮಗ್ಗದ ಮನೆಯಲ್ಲಿ ಬಾರ್ಡರು ನೋಡುತ್ತ ಕೂತಿದ್ದಳು. ಲಾಗಿನ್ನನ್ನು ಮುಟ್ಟೇ ಇರಲಿಲ್ಲ. ಸಹಾಯವಾಣಿಗೆ ಫೋನು ಮಾಡಿ, ದುಡ್ಡು ಹೋಗಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆದರೆ ಅದು ಅಂಗಡಿಯ ಕರೆಂಟ್ ಅಕೌಂಟು. ಸೇವಿಂಗ್ಸ್ ಆಗಿದ್ದರೆ ಎಟಿಎಂ ಕಾರ್ಡಿನ ನಂಬರು, ಓಟಿಪಿ ಹಾಕಿ ಮನೆಯಲ್ಲೇ ಕೂತು ಬೀಗ ತೆಗೆಯಬಹುದಿತ್ತು. ಇದಕ್ಕೆ ಶಾಖೆಯ ಮ್ಯಾನೇಜರಿಗೆ ಸಹಿ, ಸೀಲು ಹಾಕಿದ ಪತ್ರವನ್ನೇ ಕೊಡಬೇಕು ಎಂದರು. ಜಿಎಸ್‌ಟಿ ಕಟ್ಟುವ ತಾರೀಖು ಬೇರೆ ಹತ್ತಿರ ಬಂದಿತ್ತು.

ಸಂಜೆ ಆಕೆ ಬಸ್ಸಿಳಿದು ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಓಣಿಗೆ ಇಳಿದಿತ್ತು. ದಾರಿಯಿಂದಲೇ ಕಣ್ಣಮ್ಮನಿಗೆ ಫೋನು ಮಾಡಿ, ಕಂಪ್ಯೂಟರ್ ಯಾರಾದರೂ ಮುಟ್ಟಿದರಾ ಎಂದು ಕೇಳಿದ್ದಳಂತೆ. ಕಣ್ಣಮ್ಮ ಹೆಸರು ಹೇಳಲಿಲ್ಲ. ನನ್ನ ಅಂಗಡಿಯ ಕಡೆ ನೋಡುತ್ತ ಮಾತಾಡಿದಳು, ಅಷ್ಟೇ. ಟೀ ಅಂಗಡಿಯ ಚಿನ್ನರಾಜ್ ನನಗೆ ಟೀ ಕೊಡುತ್ತ, "ಏನಣ್ಣಾ, ಪಾಸ್‌ವರ್ಡ್ ಸಿಕ್ಕಿಲ್ವಂತೆ?" ಅಂದ. ನಕ್ಕು ಹೇಳಿದರೂ ಅದು ನಗುವ ಮಾತಲ್ಲ. ಬಟ್ಟೆ ವ್ಯಾಪಾರದಲ್ಲಿ ಸರಕು ಸಾಲದ ಮೇಲೆ ಬರುತ್ತದೆ, ಸಾಲ ಹೆಸರಿನ ಮೇಲೆ ಬರುತ್ತದೆ. ಎದುರಂಗಡಿಯವಳ ಅಕೌಂಟಿಗೆ ಕೈ ಹಾಕಿದವನು ಎಂಬ ಮಾತು ಎಡಪ್ಪಾಡಿ ಮುಟ್ಟಿದರೆ, ಮರುದಿನದಿಂದ ನನಗೆ ಟವೆಲ್ಲು ಕೊಡುವವನೂ ಕೈಯಲ್ಲಿ ಕಾಸಿಡು ಅನ್ನುತ್ತಾನೆ. ಆಕೆ ಆ ಪತ್ರದಲ್ಲಿ ಒಂದು ಸಾಲು, 'ಎದುರಂಗಡಿಯ ಗೋವಿಂದರಾಜು ಮೇಲೆ ಅನುಮಾನವಿದೆ' ಎಂದು ಬರೆದರೆ ನನ್ನ ಅಪ್ಪನ ಬೋರ್ಡು ಇಳಿಸಬೇಕಾಗಿತ್ತು.

ಮೇನಕಾ ಬಂದಳು. ಅಂಗಡಿಗೆ ಹೋಗಲಿಲ್ಲ. ನೇರ ನನ್ನ ಮೆಟ್ಟಿಲು ಹತ್ತಿ ಹೊಸ ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷದಲ್ಲಿ ಅದು ಮೊದಲ ಸಲ.

"ಅಣ್ಣಾ, ಬ್ಯಾಂಕಿಗೆ ಒಂದು ಲೆಟರ್ ಬರೀಬೇಕು. ನಿನ್ನ ತಮಿಳು ಚೆನ್ನಾಗೈತೆ. ಬರ್ಕೊಡು."

ಆಕೆ ಬಿ.ಕಾಂ. ನನಗಿಂತ ಚೆನ್ನಾಗಿ ಬರೆಯುತ್ತಾಳೆ. ಓಣಿಯ ಅರ್ಧ ಜನ ಟೀ ಲೋಟ ಹಿಡಿದು ನಮ್ಮನ್ನೇ ನೋಡುತ್ತಿದ್ದರು. ಕಣ್ಣಮ್ಮ ಸೂಜಿಗೆ ನೂಲು ಪೋಣಿಸುವ ನೆಪದಲ್ಲಿ ಬಂದು ನಿಂತಳು. ಮೇನಕಾ ತನ್ನ ಅಂಗಡಿಯ ಲೆಟರ್‌ಹೆಡ್ ನನ್ನ ಮುಂದಿಟ್ಟು, ಫೋನು ತೆಗೆದು, ಅಕೌಂಟ್ ನಂಬರು, ಯೂಸರ್ ಐಡಿ, ರಿಜಿಸ್ಟರ್ ಮಾಡಿದ ಮೊಬೈಲ್ ನಂಬರು ಎಲ್ಲವನ್ನೂ ಗಟ್ಟಿಯಾಗಿ ಓದಿದಳು. ನಾನು ಬರೆದೆ.

"ಪಾಸ್‌ವರ್ಡೂ ಬರೆದ್ಬಿಡು. ಮ್ಯಾನೇಜರ್ ಸರಿನಾ ತಪ್ಪಾ ನೋಡ್ಲಿ" ಅಂದಳು ಕಣ್ಣಮ್ಮ.

"ಅದು ಮ್ಯಾನೇಜರಿಗೂ ಹೇಳೋದಲ್ಲ ಅಕ್ಕಾ, ಮನೆದೇವ್ರಿಗೂ ಹೇಳೋದಲ್ಲ."

ಕಾರಣದ ಸಾಲಿಗೆ ಬಂದಾಗ ನನ್ನ ಪೆನ್ನು ನಿಂತಿತು. "'ನಾನೇ ಮರೆತು ತಪ್ಪು ಹಾಕಿದ್ದರಿಂದ' ಅಂತ ಬರೀಲಾ? ಎಲ್ಲಾರೂ ಹಂಗೇ ಬರೀತಾರೆ. ಸಲೀಸು."

"ನಾನು ಹಾಕಿಲ್ವಲ್ಲ. ಇಲ್ಲದ್ದು ಯಾಕೆ ಬರೀತೀಯ? 'ನಾನು ಊರಲ್ಲಿಲ್ಲದಾಗ ಯಾರೋ ಹಾಕಿದ್ದಾರೆ, ಯಾರೆಂದು ತಿಳಿಯದು' ಅಂತ ಬರಿ."

"ತಿಳಿಯದು ಅಂತ ಯಾಕಮ್ಮಾ?" ಕಣ್ಣಮ್ಮ ನೂಲು ಬಿಟ್ಟಳು. "ಅಣ್ಣ ಕೂತಿದ್ದು ನಾನೇ ನೋಡ್ದೆ."

ಹೊರಗೆ ಲೋಟಗಳೆಲ್ಲ ನಿಂತವು. ಮೇನಕಾ ತಲೆಯೂ ಎತ್ತಲಿಲ್ಲ.

"ಅಣ್ಣ ಕೂತಿದ್ದು ಪ್ರಿಂಟರಿಗೆ. ನಾನೇ ಹೇಳಿದ್ದೆ. ನನ್ನ ಬ್ಯಾಲೆನ್ಸ್ ನೋಡೋಕೆ ಅಣ್ಣನಿಗೆ ಪಾಸ್‌ವರ್ಡ್ ಯಾಕಕ್ಕಾ? ಬೆಳಗಿಂದ ಸಂಜೆಗಂಟ ನನ್ನ ಮೆಟ್ಟಿಲು ಹತ್ತಿದೋರನ್ನ, ಇಳಿದೋರನ್ನ, ಅವ್ರ ಕೈಲಿರೋ ಕವರನ್ನ ಎಣಿಸ್ಕೊಂಡು ಕೂತಿರ್ತಾನೆ. ಬ್ಯಾಂಕಿಗಿಂತ ಮುಂಚೆ ಅವನಿಗೆ ಗೊತ್ತಿರ್ತೈತೆ. ಬೇಕಾದ್ರೆ ಈಗ ಕೇಳು, ಹೇಳ್ತಾನೆ."

ಓಣಿ ನಕ್ಕಿತು. ಚಿನ್ನರಾಜ್ ಟೀ ಚೆಲ್ಲಿಕೊಂಡ. ನಾನೂ ನಕ್ಕೆ, ನಗದೆ ಬೇರೆ ದಾರಿ ಇರಲಿಲ್ಲ. ನನ್ನ ಹೊಟ್ಟೆಕಿಚ್ಚೇ ನನ್ನ ಪರವಾಗಿ ಸಾಕ್ಷಿ ಹೇಳಿತು. ನಾನೇ ಗಂಗೆ ಮುಟ್ಟಿ ಆಣೆ ಮಾಡಿದ್ದರೂ ಯಾರೂ ನಂಬುತ್ತಿರಲಿಲ್ಲ; ಇದನ್ನು ಮಾತ್ರ ಎಲ್ಲರೂ ನಂಬಿದರು, ಯಾಕೆಂದರೆ ಎಲ್ಲರೂ ದಿನವೂ ನೋಡಿದ್ದರು. ಆಕೆ ಹೇಳಿದಂತೆಯೇ ಬರೆದೆ. ಸಹಿ ಹಾಕಿ, ಸೀಲೊತ್ತಿದಳು.

ಮರುದಿನ ಬ್ಯಾಂಕಿಗೆ ನನ್ನನ್ನೂ ಕರೆದಳು. "ನಿನಗೂ ಅಲ್ಲೇ ಅಕೌಂಟಲ್ವಾ, ಬಾ" ಅಂದಳು. ನನ್ನನ್ನು ಪಕ್ಕದಲ್ಲಿಟ್ಟುಕೊಂಡು ಓಣಿಯ ಉದ್ದಕ್ಕೂ ನಡೆದಳು. ಅದೂ ಲೆಕ್ಕ ಹಾಕಿದ ನಡಿಗೆಯೇ ಎಂದು ವ್ಯಾಪಾರಿಯಾದ ನನಗೆ ತಿಳಿಯದೆ ಇರುತ್ತದೆಯೇ?

ಮ್ಯಾನೇಜರ್ ಶರವಣಕುಮಾರ್ ಆಕೆಗೆ ಕುರ್ಚಿ ತೋರಿಸಿದರು. ನನಗೆ ತೋರಿಸಲಿಲ್ಲ; ನಾನಾಗಿಯೇ ಎಳೆದುಕೊಂಡೆ. ಪತ್ರ ಓದಿ ತಮಿಳಿನಲ್ಲಿ ಕೇಳಿದರು, "ಯಾರೋ ಎಂದು ಬರೆದಿದ್ದೀರಿ. ಹಾಗಿದ್ದರೆ ಬರೀ ಅನ್‌ಲಾಕ್ ಮಾಡಿ ಕಳಿಸುವಂತಿಲ್ಲ, ಹೊಸ ಪಾಸ್‌ವರ್ಡನ್ನೇ ಮಾಡಬೇಕು. ಹಳೆಯದನ್ನು ಬದಲಾಯಿಸಿದ್ದು ಯಾವಾಗ?"

"ಆಡಿ ಹದಿನೆಂಟರ ಹಬ್ಬಕ್ಕೆ ಸರ್. ಪ್ರತಿ ವರ್ಷ ತಾಳಿ ದಾರ ಬದಲಾಯಿಸುವ ದಿನ ಅದನ್ನೂ ಬದಲಾಯಿಸುತ್ತೇನೆ. ಮರೆಯುವುದಿಲ್ಲ."

ಮ್ಯಾನೇಜರು ಅವಳ ಆಧಾರ್ ನೋಡುತ್ತಿರುವಾಗ ಫೋನು ಬಂತು. ಮಣಿ, ಕೊಯಮತ್ತೂರಿನಿಂದ. ಅವನ ದನಿಗೆ ಸ್ಪೀಕರ್ ಬೇಕಾಗಿಲ್ಲ.

"ಏನಮ್ಮೀ, ನಿನ್ನ ಬ್ಯಾಂಕಿನ ಸರ್ವರ್ ಸರಿ ಆಯ್ತಾ? ನಿನ್ನೆ ಲೋಡು ಲೇಟಾಯ್ತು, ಕಣ್ಣಮ್ಮ ಊಟಕ್ಕೋಗಿದ್ಲು, ಅಂಗ್ಡೀಲೇ ಉಂಡೆ. ಪಾರ್ಟಿ ದುಡ್ಡು ಬಂತಾ ನೋಡಾಣಾಂತ ಎಷ್ಟು ಸತಿ ಒತ್ತಿದ್ರೂ ಓಪನ್ನೇ ಆಗ್ಲಿಲ್ಲ. ಕೆಂಪಕ್ಷರ ಬತ್ತಾ ಇತ್ತು."

"ಯಾವ ಪಾಸ್‌ವರ್ಡ್ ಹಾಕ್ದೆ?"

"ಅದೇ, ಯಾವಾಗ್ಲೂ ಹಾಕೋದು."

"ಆಡಿ ಹದಿನೆಂಟಕ್ಕೆ ಬದಲಾಯ್ಸಿದ್ನಲ್ಲಾ."

"ದಾರ ಬದಲಾಗಿದ್ದು ಕಂಡೆ. ಅದು ನಂಗೆಂಗೆ ಕಾಣ್ತದೆ?"

ಮ್ಯಾನೇಜರಿಗೆ ಕನ್ನಡ ಬರುವುದಿಲ್ಲ ಅಂದುಕೊಂಡಿದ್ದೆ. ನಗು ತಡೆಯಲು ಅವರು ಪತ್ರವನ್ನು ಮುಖಕ್ಕೆ ಹಿಡಿದರು. ಆಮೇಲೆ ಗಂಭೀರವಾಗಿ, ಪಾಸ್‌ವರ್ಡನ್ನು ಗಂಡನಿಗೂ ಕೊಡಬಾರದು, ಅವರು ಬ್ಯಾಲೆನ್ಸ್ ನೋಡಬೇಕಾದರೆ ನೋಡಲು ಮಾತ್ರ ಆಗುವಂತೆ ಬೇರೆ ಯೂಸರ್ ಐಡಿಗೆ ಅರ್ಜಿ ಕೊಡಿ ಎಂದರು. ಪತ್ರದ ಕೆಳಗೆ, ಹಾಕಿದ್ದು ಗಂಡನೇ ಎಂದು ಆಕೆಯ ಕೈಯಿಂದ ಬರೆಸಿ ಇನ್ನೊಂದು ಸಹಿ ಹಾಕಿಸಿದರು. ಒಬ್ಬ ಆಫೀಸರು ಸಹಿ ಹೋಲಿಸಿ ಕಂಪ್ಯೂಟರಿಗೆ ಹಾಕಿದರು, ಇನ್ನೊಬ್ಬರು ಒಪ್ಪಿಗೆ ಕೊಟ್ಟರು. ಆಕೆ ಹೊರಗಿನ ಬೆಂಚಿನಲ್ಲಿ ಕೂತು, ಓಟಿಪಿ ಬಂದ ಮೇಲೆ, ನನಗೆ ಬೆನ್ನು ತಿರುಗಿಸಿ ಹೊಸ ಪಾಸ್‌ವರ್ಡ್ ಹಾಕಿದಳು. ಜಿಎಸ್‌ಟಿಯನ್ನು ಅಲ್ಲೇ ಕಟ್ಟಿದಳು.

"ಬೆನ್ನು ಯಾಕೆ ತಿರುಗಿಸ್ದೆ? ನಿನ್ನೆ ನನ್ನನ್ನ ನಂಬಿದ್ಯಲ್ಲ?" ಅಂದೆ.

"ನಂಬಿಕೆ ಬೇರೆ ಅಣ್ಣಾ, ಪಾಸ್‌ವರ್ಡ್ ಬೇರೆ."

ಓಣಿಗೆ ಬಂದಾಗ ಕಣ್ಣಮ್ಮ ಮೆಷಿನು ತುಳಿಯುತ್ತ, "ನಾನು ನಿನ್ನೇನೇ ಅಂದೆ, ಅಣ್ಣ ಅಂಥವನಲ್ಲ ಅಂತ" ಅಂದಳು.

ಮಣಿ ಫೋನು ಮಾಡಿದ್ದು ಮರುದಿನ. ಮೇನಕಾ ನನ್ನ ಕುರ್ಚಿಯಲ್ಲಿ ಕೂತು ಪತ್ರ ಬರೆಸಿದ್ದು ಹಿಂದಿನ ಸಂಜೆ, ಯಾರು ಒತ್ತಿದ್ದೆಂದು ಆಕೆಗೆ ಇನ್ನೂ ಗೊತ್ತಿಲ್ಲದಾಗ. ನಾನು ಆಕೆಯ ಜಾಗದಲ್ಲಿದ್ದಿದ್ದರೆ ಹಾಗೆ ಮಾಡುತ್ತಿದ್ದೆನೇ ಎಂದು ಲೆಕ್ಕ ಹಾಕಿ ನೋಡಿದೆ. ಲೆಕ್ಕ ಕೂಡಲಿಲ್ಲ. ವ್ಯಾಪಾರದಲ್ಲಿ ಗೆದ್ದದ್ದು ಸಾಲದೆಂದು ಇದರಲ್ಲೂ ನನಗಿಂತ ಮುಂದೆ ಹೋದಳಲ್ಲ ಎಂದು ಅವತ್ತು ರಾತ್ರಿ ಊಟ ಸೇರಲಿಲ್ಲ. ಈಗಲೂ ಅವಳ ಮೆಟ್ಟಿಲು ಹತ್ತುವವರನ್ನು ಎಣಿಸುತ್ತೇನೆ. ಈ ಆಡಿಯಲ್ಲೂ ಅವಳಿಗೇ ಹೆಚ್ಚು.

ಎಡಪ್ಪಾಡಿಯಲ್ಲಿ ನನಗೆ ಇನ್ನೂ ಸಾಲಕ್ಕೆ ಸರಕು ಸಿಗುತ್ತಿದೆ. ಅದು ಮೇನಕಾಳಿಂದ. ಅದಕ್ಕೆ ನಾನು ಆಕೆಗೆ ಒಂದು ಒಳ್ಳೆಯ ಮಾತು ಹೇಳಬೇಕಾಗಿದೆ, ಇನ್ನೂ ಹೇಳಿಲ್ಲ.