ಗುಂಡಿ ಪಕ್ಷ ಸೋತ ಸಂಜೆ

ನಮ್ಮ ಟೈಲರಣ್ಣ ಹೊಲಿಗೆಗಿಂತ ಬೈಗುಳಕ್ಕೇ ಹೆಚ್ಚು ಹೆಸರಾದವನು. ಹಾಗೆಂದು ಜಗಳಗಂಟನಲ್ಲ. ಸಂಜೆ ಅಂಗಡಿಯ ಶಟರ್ ಅರ್ಧ ಎಳೆದ ಮೇಲೆ, ಬಟ್ಟೆ ಚೂರುಗಳ ನಡುವೆ ಕೂತು ನಾವು ಗೆಳೆಯರು ಮಾಡುವ ವಾದದಲ್ಲಿ ಮಾತ್ರ ಅವನ ನಾಲಿಗೆಗೆ ಲಂಗುಲಗಾಮಿಲ್ಲ. ದಿಂಬು ಮೇಲೋ ಹೊದಿಕೆ ಮೇಲೋ, ಸೀನು ದೊಡ್ಡದೋ ಆಕಳಿಕೆ ದೊಡ್ಡದೋ, ಇಂಥವೇ ನಮ್ಮ ವಿಷಯಗಳು. ಲೋಕದ ಉಳಿದ ಸಮಸ್ಯೆಗಳನ್ನು ನೋಡಿಕೊಳ್ಳಲು ದೊಡ್ಡವರಿದ್ದಾರೆ.

ತೀರ್ಪುಗಾರ ನಾನು. ಯಾವ ವಿಷಯದಲ್ಲೂ ನನಗೆ ಸ್ವಂತ ಅಭಿಪ್ರಾಯವಿಲ್ಲ ಎಂಬುದೇ ನನ್ನ ಅರ್ಹತೆ. ಮನೆಯಲ್ಲೂ ಇದನ್ನು ಒಪ್ಪಿಕೊಂಡಿದ್ದಾರೆ.

ನಿಯಮಗಳೆಲ್ಲ ಟೈಲರಣ್ಣನವೇ. ಡ್ರಾಯರಿನಿಂದ ದಾರದ ಉಂಡೆ ಎತ್ತಬೇಕು. ಕಪ್ಪು ಬಂದರೆ ಒಂದು ಪಕ್ಷ, ನೀಲಿ ಬಂದರೆ ಇನ್ನೊಂದು. ಮನಸ್ಸು ಯಾವ ಕಡೆ ಇದ್ದರೂ ಬಂದ ಪಕ್ಷಕ್ಕೇ ನಿಷ್ಠೆ. ಎದುರು ಪಕ್ಷವನ್ನು ಎಷ್ಟು ಬೇಕಾದರೂ ಬೈಯಬಹುದು. ಆದರೆ ಬೈಗುಳ ಯಾರೂ ನಂಬದಷ್ಟು ದೊಡ್ಡದಿರಬೇಕು. ಬೈಗುಳ ನಿಜವಾಗಿದ್ದರೆ ತಪ್ಪು. ನಾನು ಕತ್ತರಿಯಿಂದ ಮೇಜು ಕುಟ್ಟಿ ‘ತಪ್ಪು’ ಎಂದರೆ ಬೈದ ಪಕ್ಷ ಅಲ್ಲೇ ಸೋತಂತೆ. ಇಲ್ಲದಿದ್ದರೆ ಹೆಚ್ಚು ದೊಡ್ಡ ಸುಳ್ಳು ಬೈದ ಪಕ್ಷಕ್ಕೆ ಗೆಲುವು. ಕೊನೆಗೆ ಸೋತವರು ಗೆದ್ದ ಪಕ್ಷದ ಬಗ್ಗೆ ಒಂದೇ ಒಂದು ನಿಜವಾದ ಒಳ್ಳೆಯ ಮಾತು ಹೇಳಬೇಕು. ಈ ಕೊನೆಯ ನಿಯಮದಲ್ಲಿ ಮಾತ್ರ ಟೈಲರಣ್ಣ ತಮಾಷೆ ಸಹಿಸುವುದಿಲ್ಲ.

ಆ ಸಂಜೆಯ ವಿಷಯ, ಗುಂಡಿ ಮೇಲೋ ಜಿಪ್ ಮೇಲೋ. ಟೈಲರಣ್ಣ ಉಂಡೆ ಎತ್ತಿ, ದೀಪಕ್ಕೆ ಹಿಡಿದು, ನನ್ನ ಕೈಗೆ ಕೊಟ್ಟ. “ತೀರ್ಪುಗಾರ ನೀನಲ್ವಾ, ನೀನೇ ಹೇಳು.” ಕಪ್ಪು. ಗುಂಡಿ ಪಕ್ಷ. ಜಿಪ್ಪಿನ ಪಕ್ಷ ಅವನ ಹೆಂಡತಿಯ ತಮ್ಮನಿಗೆ ಬಂತು; ಪಕ್ಕದ ಅಂಗಡಿಯ ಕ್ಷೌರಿಕ, ಬಾಯಿ ಕತ್ತರಿಗಿಂತ ಚುರುಕು.

ಟೈಲರಣ್ಣನ ಮಗಳು ಅಪ್ಪನನ್ನು ಮನೆಗೆ ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದಳು. “ನಿಮ್ಮ ಕಣ್ಣು ಕೈಕೊಟ್ಟ ದಿನವೇ ಅಂಗಡಿಗೆ ಬೀಗ” ಎಂದು ಅವಳು ಹೇಳಿದ್ದು ನಮಗೆಲ್ಲ ಗೊತ್ತು. ಕಣ್ಣು ಆಗಲೇ ಕೈಕೊಟ್ಟದ್ದು ನನಗೊಬ್ಬನಿಗೇ ಗೊತ್ತು. ಅವನು ಹೊಲಿದ ನನ್ನ ಹೊಸ ಅಂಗಿಯಲ್ಲಿ ಒಂದೊಂದು ಗುಂಡಿ ಒಂದೊಂದು ದಿಕ್ಕಿಗೆ. ನನ್ನ ಭುಜವೇ ಓರೆಯೇನೋ ಎಂದು ನಾನು ಕನ್ನಡಿಯ ಮುಂದೆ ಬಹಳ ಹೊತ್ತು ಒದ್ದಾಡಿದ್ದೆ.

ಟೈಲರಣ್ಣ ಶುರು ಮಾಡಿದ. “ಗುಂಡಿ ಉದುರಿದ್ರೆ ಇನ್ನೊಂದು ಹಾಕ್ಬಹುದು. ಜಿಪ್ಪಿನ ಒಂದು ಹಲ್ಲು ಹೋದ್ರೆ ಇಡೀ ಜಿಪ್ಪೇ ಬಿಚ್ಚಬೇಕು. ಈ ಜಿಪ್ ಪಕ್ಷದವ್ರು ಎಂಥ ಸೋಮಾರಿಗಳು ಅಂದ್ರೆ, ಆಕಳಿಸೋಕೂ ಆಳು ಇಟ್ಕೊಂಡಿದ್ದಾರೆ!”

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಭಾವಮೈದುನ ಎದ್ದ. “ಗುಂಡಿ ಪಕ್ಷದವ್ರು ಅಂಗಿ ತೊಟ್ಟು ಮುಗಿಸೋದ್ರೊಳಗೆ ಮೊಮ್ಮಕ್ಕಳ ಮದುವೆ ಆಗಿರುತ್ತೆ! ಇನ್ನು ಇವರ ನಾಯಕ, ನಮ್ಮ ಭಾವ, ಸೂಜಿ ಕಣ್ಣು ಕಾಣದೆ ದಾರಾನ ಗಾಳಿಗೆ ಪೋಣಿಸ್ತಾನೆ. ಅಂಗಿ ಬಿಟ್ಟು ತನ್ನ ಹೆಬ್ಬೆರಳಿಗೇ ಗುಂಡಿ ಹೊಲೀತಾನೆ!”

ಯಾರೋ ನಕ್ಕರು. ಟೈಲರಣ್ಣ ಮಾತ್ರ ಬಟ್ಟೆ ಸುತ್ತಿದ ಹೆಬ್ಬೆರಳನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡ. ಎಲ್ಲರಿಗಿಂತ ಮೊದಲು ‘ತಪ್ಪು, ತಪ್ಪು’ ಎಂದು ಕೂಗುವವನು ಈ ಸಲ ನನ್ನ ಮುಖ ನೋಡಿದ.

ನನಗೆ ಇಕ್ಕಟ್ಟು. ‘ತಪ್ಪು’ ಎಂದರೆ ಅವನು ಗೆಲ್ಲುತ್ತಾನೆ, ಆದರೆ ಮಾತು ನಿಜವೆಂದು ಮಗಳೆದುರೇ ಸಾರಿದಂತೆ. ಸುಳ್ಳೆಂದರೆ ಸೋಲುತ್ತಾನೆ, ಅಂಗಡಿ ಉಳಿಯುತ್ತದೆ. ಜನ್ಮದಲ್ಲಿ ಮೊದಲ ಸಲ ನನಗೊಂದು ಅಭಿಪ್ರಾಯ ಬಂತು.

“ಇಷ್ಟು ದೊಡ್ಡ ಸುಳ್ಳು ನಾನು ಕೇಳೇ ಇಲ್ಲ,” ಎಂದೆ. “ಜಿಪ್ ಪಕ್ಷ ಗೆದ್ದಿತು.”

ಭಾವಮೈದುನ ಕುಣಿದಾಡಿದ. “ಭಾವ, ಈಗ ನಿಜವಾದ ಮಾತು! ಹೇಳು, ಹೇಳು!”

ಬಣ್ಣ ಚೆನ್ನಾಗಿದೆ, ಸದ್ದು ಚೆನ್ನಾಗಿದೆ, ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಟೈಲರಣ್ಣ ಎದ್ದು ನಿಂತ. “ಜಿಪ್ಪು ಒಳ್ಳೇದು,” ಎಂದ. “ಕಣ್ಣು ಕಾಣದವನೂ ಹಾಕ್ಕೋಬಹುದು. ಗುಂಡಿ ಹೊಲಿಯೋಕೆ ಕಣ್ಣು ಬೇಕು.”

ಕುಣಿಯುತ್ತಿದ್ದವನು ನಿಂತುಬಿಟ್ಟ. ಅವನ ಮುಖ ನೋಡಿ ನನಗೆ ಅಯ್ಯೋ ಎನಿಸಿತು. ಮಗಳು ಒಳಗೆ ಬಂದು ಅಪ್ಪನ ಹೆಬ್ಬೆರಳಿನ ಬಟ್ಟೆ ಬಿಚ್ಚಿ ನೋಡಿದಳು. “ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ. ಬೀಗದ ಮಾತು ಆಮೇಲೆ,” ಎಂದು ಮೂಗೊರೆಸಿಕೊಂಡಳು.

ಡಾಕ್ಟರು ಏನೋ ಮಾಡೋಣ, ಸ್ವಲ್ಪ ಕಾಯಿರಿ ಎಂದರಂತೆ. ಬೀಗದ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಈಗ ಭಾವಮೈದುನ ದಿನಾ ಬೆಳಿಗ್ಗೆ ತನ್ನ ಅಂಗಡಿ ತೆಗೆಯುವ ಮುಂಚೆ ಇಲ್ಲಿ ಕೂತು, ಗುಂಡಿ ಪಕ್ಷವನ್ನು ಏಳು ಜನ್ಮಕ್ಕಾಗುವಷ್ಟು ಬೈಯುತ್ತ, ಸೂಜಿಗಳಿಗೆಲ್ಲ ದಾರ ಪೋಣಿಸಿ ಬಟ್ಟೆ ಚೂರಿಗೆ ಸಾಲಾಗಿ ಚುಚ್ಚಿಡುತ್ತಾನೆ.

“ಗಂಟು ಸರಿಯಾಗಿ ಹಾಕೋ,” ಎನ್ನುತ್ತಾನೆ ಟೈಲರಣ್ಣ, ಬೆರಳಿನಿಂದ ತಡವಿ ನೋಡಿ. “ನಿಮ್ಮ ಪಕ್ಷದವ್ರನ್ನ ನಂಬೋ ಹಾಗಿಲ್ಲ.”