ಬೆನ್ನು ಮಾಡಿ ಕುಳಿತ ಸಾಲು

ಬೈಲಹೊಂಗಲದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದೆ. ನಿವೃತ್ತಿಯ ಮೇಲೂ ಐದಕ್ಕೆ ಏಳುತ್ತೇನೆ, ಆರಕ್ಕೆ ನಡೆಯುತ್ತೇನೆ, ಏಳಕ್ಕೆ ಚಹಾ. ಎಂಟು ಗಂಟೆಯ ಜಾಗ ಖಾಲಿಯಿತ್ತು. ಅದನ್ನು ತುಂಬಿದವಳು ಪಕ್ಕದ ಮನೆಯ ಸೊಸೆ, ಸಂಗೊಳ್ಳಿಯ ರೈತರ ಮಗಳು. ಬ್ಯಾಂಕ್ ಪರೀಕ್ಷೆಗೆ ಓದಲು ದಿನಾ ಎಂಟಕ್ಕೆ ನನ್ನಲ್ಲಿಗೆ ಬರುತ್ತಿದ್ದಳು. ವಯಸ್ಸಿನ ಮಿತಿ ಮುಗಿಯುತ್ತ ಬಂದಿತ್ತು. ಆ ಭಾನುವಾರದ್ದೇ ಕೊನೆಯ ಅವಕಾಶ. ಅವಳಿಗೆ ಒಗ್ಗದೇ ಇದ್ದದ್ದು ಯಾರು ಎಲ್ಲಿ ಕುಳಿತಿದ್ದಾರೆಂದು ಹೇಳುವ ಲೆಕ್ಕ.

ಗುರುವಾರ ಅವಳ ಗೆಳತಿ ಮುನವಳ್ಳಿಯಿಂದ ಅಂಥದೇ ಒಂದು ಲೆಕ್ಕದ ಮೂರು ಫೋಟೊ ಕಳಿಸಿದ್ದಳು. ಮೊದಲನೆಯದರಲ್ಲಿ ವಿವರ, ಉಳಿದೆರಡರಲ್ಲಿ ಐದು ಪ್ರಶ್ನೆ. ಎಂಟು ಜನ, ಎದುರುಬದುರು ಎರಡು ಸಾಲು. ಮೇಲಿನ ಸಾಲು ದಕ್ಷಿಣಕ್ಕೆ ಮುಖ, ಕೆಳಗಿನದು ಉತ್ತರಕ್ಕೆ. ಮೇಲಿನ ಸಾಲಿನ ಬಲತುದಿಯಲ್ಲಿ ಎ, ಅವನ ಎಡಕ್ಕೆ ಕ್ರಮವಾಗಿ ಬಿ, ಸಿ, ಡಿ. ಕೆಳಗಿನ ಸಾಲಿನ ಎಡತುದಿಯಲ್ಲಿ ಪಿ, ಅವನ ಬಲಕ್ಕೆ ಕ್ಯೂ, ಆರ್, ಎಸ್. ಯಾರೆದುರು ಯಾರು ಎಂದೇ ಐದೂ ಪ್ರಶ್ನೆ.

ಚಿತ್ರ ನಾನೇ ಬರೆದುಕೊಟ್ಟೆ. ಅದನ್ನು ನೋಡಿ ಅವಳು ಚಕಚಕನೆ ಐದೂ ಉತ್ತರ ಬರೆದಳು. ಗೆಳತಿ ಸರಿಯುತ್ತರ ಕಳಿಸಿದಾಗ ಅವಳ ಮುಖ ಬಾಡಿತು.

"ಐದಕ್ಕ ಐದೂ ತಪ್ಪ್ ಕಾಕಾರ. ಭಾನುವಾರ ಇವನ್ನ ಮುಟ್ಟೂದ ಇಲ್ಲ, ಬಿಟ್ಟ ಬಿಡತೇನಿ."

ಅಷ್ಟು ಅಂಕ ಕೈಬಿಟ್ಟರೆ ಪಾಸಾಗುವುದು ಕಷ್ಟವೆಂದು ಇಬ್ಬರಿಗೂ ಗೊತ್ತಿತ್ತು. ಎ ಎದುರು ಯಾರು ಎಂಬುದಕ್ಕೆ ನಮ್ಮ ಉತ್ತರ ಎಸ್, ಗೆಳತಿ ಕಳಿಸಿದ್ದು ಪಿ. ಚಿತ್ರದ ಮೇಲೆ ಬೆರಳಿಟ್ಟು ಮತ್ತೆ ಓದಿದೆ. ಮೇಲಿನ ಸಾಲು ಸರಿಯಿತ್ತು. ಕೆಳಗೆ ಪಿಯನ್ನು ನನ್ನ ಬಲಕ್ಕೆ ಕೂರಿಸಿದ್ದೆ. ಎಡತುದಿ ಅಲ್ಲೇ ಅಲ್ಲವೇ ಎಂದೆ.

ಅವಳು ಎದ್ದು, ಚಿತ್ರದ ಕೆಳಸಾಲಿನವರಂತೆ ನನಗೆ ಬೆನ್ನು ಮಾಡಿ ನಿಂತು ಎಡಗೈ ಎತ್ತಿದಳು. ಕೈ ನನ್ನ ಎಡಕ್ಕೇ ಇತ್ತು.

"ಸಾಲ್ಯಾಗ ನಿಮಗ ಬೆನ್ನು ಮಾಡಿ ಯಾರೂ ನಿಂತಿಲ್ಲ ಕಾಣತೈತಿ," ಎಂದು ನಕ್ಕಳು.

ನಿಂತಿರಲಿಲ್ಲ. ಶಾಲೆಯಲ್ಲಿ ಮೂವತ್ತು ವರ್ಷ ಪ್ರತಿ ಸಾಲೂ ನನಗೆ ಮುಖ ಮಾಡಿತ್ತು. ಸಾಲಿನ ಎಡವೆಂದರೆ ನನ್ನ ಬಲ, ಅದು ಕೈಗೇ ರೂಢಿಯಾಗಿತ್ತು. ಒಬ್ಬನನ್ನು ತಪ್ಪು ತುದಿಗೆ ಕೂರಿಸಿದ್ದರಿಂದ ಇಡೀ ಸಾಲು ತಿರುವುಮುರುವಾಗಿ ಐದೂ ಉತ್ತರ ಕೆಟ್ಟಿದ್ದವು. ಪಿಯನ್ನು ಎಡಕ್ಕೆ ತಂದದ್ದೇ ತಡ, ಐದೂ ಹೊಂದಿಕೊಂಡವು.

ನನಗೆ ಕೂರಲಾಗಲಿಲ್ಲ. ಇನ್ನೊಂದು ಕೊಡು ಎಂದೆ. ಫೋನಿನಲ್ಲಿ ಗೆಳತಿ ಮೊದಲೇ ಕಳಿಸಿದ್ದ ಬೇರೊಂದು ಲೆಕ್ಕದ ಫೋಟೊ ತೆರೆದಳು, ಆದರೆ ಪೆನ್ನು ನನ್ನ ಕೈಗೆ ಕೊಡಲಿಲ್ಲ. ಮೊದಲು ಎರಡೂ ಸಾಲಿಗೆ ಮುಖದ ದಿಕ್ಕಿನ ಬಾಣ ಹಾಕಿದಳು, ಆಮೇಲೆ ಜನರನ್ನು ಕೂರಿಸಿದಳು. ನಾನು ಗಡಿಯಾರ ಹಿಡಿದು ನಿಂತಿದ್ದೆ. ಆರು ನಿಮಿಷಕ್ಕೆ ಪೆನ್ನು ಕೆಳಗಿಟ್ಟು ಉತ್ತರ ತಾಳೆ ನೋಡಿದಳು. ಐದಕ್ಕೆ ಐದು.

"ಇವನ್ನ ಬಿಡೂದಿಲ್ಲ ಕಾಕಾರ," ಎಂದು ಮುಂದಿನ ಲೆಕ್ಕಕ್ಕೆ ಕೈ ಹಾಕಿದಳು.